ಎಂಟುನೂರ ಅರವತ್ತರ ಮೊಸರನ್ನ

ಮೊಸರನ್ನ ತಿಂದು ಯಾರಾದರೂ ದಪ್ಪ ಆದದ್ದುಂಟೇ? ಈ ಪ್ರಶ್ನೆಯನ್ನು ನಾನು ಆಸ್ಪತ್ರೆಯ ಡಯಟಿಷಿಯನ್ ಹುಡುಗಿಯ ಮುಂದೆ ಮೇಜು ಗುದ್ದಿ ಕೇಳಿದ್ದೆ. ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಆ ದಿನ ನನಗೆ ತಲೆ ಸರಿ ಇರಲಿಲ್ಲ.

ಅಕ್ಕನ ಲಿವರ್ ಕೆಟ್ಟು ಹೋಗಿತ್ತು. ಕುಡಿತ ಇಲ್ಲ, ಚಟ ಇಲ್ಲ; ದೇಹವೇ ತನ್ನ ಲಿವರನ್ನು ಶತ್ರು ಎಂದು ತಿಳಿದು ಹಾಳು ಮಾಡುವ ಕಾಯಿಲೆ ಎಂದರು ಡಾಕ್ಟರು. ಬೇರೆಯವರ ಲಿವರಿನ ತುಂಡು ಕೂಡಿಸಿದರೆ ಮಾತ್ರ ಉಳಿಗಾಲ. ಭಾವ ಈಗಿಲ್ಲ. ಇಬ್ಬರು ಹೆಣ್ಣುಮಕ್ಕಳ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ನನ್ನದು. ಅಮ್ಮ ತೀರಿಕೊಂಡ ವರ್ಷ ನನ್ನನ್ನು ಊರಿನಿಂದ ಕರೆಸಿಕೊಂಡು, ಮುಂಬೈಯ ವಿಕ್ರೋಳಿಯ ಒಂದೇ ಕೋಣೆಯ ಮನೆಯಲ್ಲಿ ಗಂಡ ಮಕ್ಕಳ ನಡುವೆ ನನಗೂ ಒಂದು ಚಾಪೆ ಹಾಸಿದವಳು ಅವಳು. ಲಿವರೇನು, ಕೇಳಿದ್ದರೆ ಎರಡು ಕಣ್ಣೂ ಕೊಡುತ್ತಿದ್ದೆ.

ಕೊಡುವುದಕ್ಕೆ ಹೋದರೆ ನನ್ನ ಲಿವರಿನ ತುಂಬ ಕೊಬ್ಬು! ಸ್ಕ್ಯಾನ್ ನೋಡಿದ ಸರ್ಜನ್ ಅಡ್ಡಡ್ಡ ತಲೆಯಾಡಿಸಿಬಿಟ್ಟರು. ಕೊಬ್ಬಿನ ಲಿವರ್ ಕೊಯ್ದರೆ ಕೊಟ್ಟವನಿಗೂ ಅಪಾಯ, ಪಡೆದವಳಿಗೂ ಅಪಾಯ. ಎಂಟು ವಾರದಲ್ಲಿ ಆರು ಕಿಲೋ ಇಳಿಸಿ, ಆಮೇಲೆ ಇನ್ನೊಂದು ಸ್ಕ್ಯಾನ್. ಕೊಬ್ಬು ಕರಗಿದ್ದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ಹೆಚ್ಚು ದಿನ ಅಕ್ಕ ಕಾಯಲಾರಳು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಯಟಿಷಿಯನ್ ಹುಡುಗಿ ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಬರೆದುಕೊಟ್ಟಳು. ಮಧ್ಯಾಹ್ನದ ಪಾಲು ನಾನೂರರ ಒಳಗೆ. ಬೆಳಿಗ್ಗೆ ರಾತ್ರಿಯದು ಮನೆಯಲ್ಲಿ ಹೆಂಡತಿ ತೂಕ ಮಾಡಿಯೇ ಬಡಿಸುತ್ತಿದ್ದಳು. ಮಧ್ಯಾಹ್ನ ನಾನು ಮುಲುಂಡಿನ ನನ್ನ ಹೋಟೆಲಿನಲ್ಲೇ ಇರುವವನು. ಊಟದ ತಾಟು ಬಿಟ್ಟೆ, ಪೂರಿ ಬಿಟ್ಟೆ, ಸಿಹಿ ಬಿಟ್ಟೆ. ಒಗ್ಗರಣೆ ಹಾಕಿದ ಒಂದು ಬಟ್ಟಲು ಮೊಸರನ್ನ, ಮೇಲೆ ನಾಲ್ಕು ದಾಳಿಂಬೆ ಕಾಳು, ಪಕ್ಕದಲ್ಲಿ ಒಂದು ಚಮಚ ಮಾವಿನ ಉಪ್ಪಿನಕಾಯಿ. ಫೋನಿನಲ್ಲಿ ‘ಮೊಸರನ್ನ, ಒಂದು ಬಟ್ಟಲು’ ಎಂದು ಒತ್ತಿದರೆ ಅದು ಮುನ್ನೂರ ಐವತ್ತು ಎನ್ನುತ್ತಿತ್ತು. ಇಷ್ಟು ತ್ಯಾಗ ಮಾಡಿದವನು ಮುಂಬೈಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮೂರು ವಾರ ಕಳೆದು ತಕ್ಕಡಿ ಹತ್ತಿದರೆ ಇಳಿದದ್ದು ಒಂದು ಕಿಲೋ. ಮೇಜು ಗುದ್ದಿದ್ದು ಅಂದೇ.

ಹುಡುಗಿ ಹೆದರಲಿಲ್ಲ. ಅವಳ ತಾಯಿ ಹುಬ್ಬಳ್ಳಿ ಕಡೆಯವರು; ಅವಳ ಕನ್ನಡ ತಡವರಿಸಿ ಬರುತ್ತದೆ. “ಅಂಕಲ್, ಮೊಸರನ್ನ ಖರಾಬ್ ಅಲ್ಲ. ಆದ್ರ ನಿಮ್ಮ ಮೊಸರನ್ನದಾಗ ಏನೇನ್ ಹಾಕ್ತಾರ? ಮತ್ಲಬ್, ಎಷ್ಟೆಷ್ಟು?” ಎಂದಳು.

“ಅನ್ನ, ಮೊಸರು. ಮತ್ತೆಂತ ಹಾಕ್ತಾರೆ? ಆ ದಾಳಿಂಬೆಯದ್ದೇ ಕಿತಾಪತಿ ಇರ್ಬೇಕು, ಅದು ಸಿಹಿ ಅಲ್ವಾ. ನಾಳೆಯಿಂದ ಅದೂ ಬಂದ್!”

ಅವಳು ನಕ್ಕುಬಿಟ್ಟಳು. “ಬಿಚಾರಾ ದಾಳಿಂಬೆ! ನಾಲ್ಕು ಕಾಳಿಗೆ ಇಪ್ಪತ್ತು ಕ್ಯಾಲೊರಿನೂ ಬರಂಗಿಲ್ಲ ಅಂಕಲ್. ನಾಳೆ ನನಗ ಸೂಟಿ. ನಾನೂ ಮುಲುಂಡದಾಗೇ ಇರೋದು. ನಿಮ್ಮ ಕಿಚನ್ ತೋರಸ್ರಿ.”

ಮರುದಿನ ಹನ್ನೊಂದು ಗಂಟೆಗೆ, ಮಧ್ಯಾಹ್ನದ ಗದ್ದಲ ಶುರುವಾಗುವ ಮೊದಲು, ಅವಳು ಚೀಲದಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಬಂದಳು. ಅಡುಗೆಮನೆಯಲ್ಲಿ ನಮ್ಮ ಭಟ್ಟರು ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನ ಹೋಟೆಲಿನ ರುಚಿಯೆಂಬುದು ಇದ್ದರೆ ಅದು ಅವರದು. “ಭಟ್ರೇ, ದಿನಾ ನನಗೆ ಮಾಡುವ ಹಾಗೆಯೇ ಮಾಡಿ. ಏನೂ ಬದಲು ಮಾಡ್ಬೇಡಿ,” ಎಂದೆ.

ಅವರು ಮೆತ್ತಗೆ ಬೆಂದ ಅನ್ನವನ್ನು ಬಟ್ಟಲಿಗೆ ಹಾಕಿದರು. ಇನ್ನೂರ ಇಪ್ಪತ್ತು ಗ್ರಾಂ. ಹುಡುಗಿ ಬರೆದುಕೊಂಡಳು: ಇನ್ನೂರ ಎಂಬತ್ತೈದು ಕ್ಯಾಲೊರಿ. ಭಟ್ಟರು ಅದನ್ನು ಸೌಟಿನ ಬೆನ್ನಿನಿಂದ ಹಿಸುಕಿ, ಎಮ್ಮೆ ಹಾಲು ಸುರಿದರು. ಹುಡುಗಿ ತಲೆ ಎತ್ತಿದಳು. “ಹಾಲು? ಮೊಸರನ್ನಕ್ಕ?”

ಆಗ ನನಗೆ ಬೆವರು ಬಂತು. ಗೊತ್ತಿರಲಿಲ್ಲ ಎಂದಲ್ಲ. ಈ ಊರಿನ ಸೆಕೆಗೆ ಬೆಳಿಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದು ಮುಖ ಕಿವುಚಿಸುತ್ತದೆ. ಅದಕ್ಕೇ ಹೋಟೆಲುಗಳಲ್ಲಿ ಹಾಲು ಹೆಚ್ಚು, ಮೊಸರು ಕಡಿಮೆ. ಊಟದ ಹೊತ್ತಿಗೆ ಹಾಲು ತಾನೇ ಹೆಪ್ಪಾಗಿ ಹದಕ್ಕೆ ಬರುತ್ತದೆ. ಮೂವತ್ತು ವರ್ಷದಿಂದ ನೋಡಿದ ಕ್ರಮ. ನೋಡಿ ನೋಡಿ ಹಾಲು ನನ್ನ ಕಣ್ಣಿಗೇ ಬೀಳುವುದು ನಿಂತಿತ್ತು. ಹೋಟೆಲಿನವನಾಗಿ ಹೋಟೆಲಿನ ಮೊಸರನ್ನ ತಿಂದು, ಫೋನಿನಲ್ಲಿ ಮನೆಯ ಮೊಸರನ್ನ ಬರೆದ ಪೆದ್ದ ನಾನು!

ಹಾಲು ನೂರು ಕ್ಯಾಲೊರಿ. ಮೊಸರು ಎಂಬತ್ತು. ಆಮೇಲೆ ಭಟ್ಟರು ಫ್ರಿಜ್ ತೆಗೆದು ಕೆನೆಯ ಪಾತ್ರೆ ಈಚೆ ಇಟ್ಟರು. ಎರಡು ದೊಡ್ಡ ಚಮಚ ಕೆನೆ, ಇನ್ನೂ ನೂರು. ಇದು ನಮ್ಮ ಹೋಟೆಲಿನ ಕ್ರಮ ಅಲ್ಲವೇ ಅಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಒಗ್ಗರಣೆ ಸೌಟಿಗೆ ತುಪ್ಪ ಬಿತ್ತು, ಒಂದಲ್ಲ ಮೂರು ಟೀ ಚಮಚ: ನೂರ ಮೂವತ್ತೈದು. ಅದರಲ್ಲಿ ಹತ್ತು ಹನ್ನೆರಡು ಗೋಡಂಬಿ ಅರ್ಧ ಅರ್ಧ ಒಡೆದು ಕೆಂಪಾದವು: ಎಂಬತ್ತೈದು. ಸಾಸಿವೆ, ಉದ್ದಿನಬೇಳೆ, ಕರಿಬೇವು, ಶುಂಠಿ ಎಲ್ಲ ಸೇರಿ ಹದಿನೈದು. ದಾಳಿಂಬೆ ಇಪ್ಪತ್ತು. ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ ಒಂದು ಚಮಚ ಎಂದರೆ ಬಡಿಸುವ ಚಮಚ: ನಲವತ್ತು.

ಹುಡುಗಿ ಕೂಡಿಸಿ ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಎಂಟುನೂರ ಅರವತ್ತು.

“ಭಟ್ರೇ, ಎಂತ ಮಾಡಿಟ್ಟಿರಿ ನೀವು?” ಎಂದು ನಾನು ಕಿರುಚಿದೆ. ಪಾತ್ರೆ ತೊಳೆಯುವವರೂ ಕೈ ನಿಲ್ಲಿಸಿದರು. “ನನ್ನ ಅಕ್ಕನ ಮೂರು ವಾರ ಹಾಳಾಯ್ತಲ್ಲ! ಅವಳಿಗೆ ಇರುವುದೇ ಎಂಟು ವಾರ!”

ಭಟ್ಟರ ಕೈಯಲ್ಲಿ ಸೌಟು ಹಾಗೆಯೇ ಇತ್ತು. “ಮೈಯ ತುಂಡು ಕೊಯ್ದು ಕೊಡುವವರು ನೀವು. ಇಷ್ಟೇ ಇಷ್ಟು ತಿಂದ್ರೆ ತಡ್ಕೊಳ್ಳುವುದು ಹೇಗೆ ಅಂತ ಕೆನೆ ಹಾಕಿದೆ ಸೇಟ್ರೇ. ನಿಮಗೆ ಬಲ ಬರ್ಲಿ ಅಂತ,” ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇಷ್ಟು ಪ್ರೀತಿಯ ಮೇಲೆ ಕಿರುಚಿದೆನಲ್ಲ ಎಂದು ಸಂಕಟವಾಯಿತು. “ತಪ್ಪಾಯ್ತು ಭಟ್ರೇ,” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಆ ಅಡುಗೆಮನೆ ಮೊದಲ ಸಲ ಕೇಳಿರಬೇಕು.

ಅವರು ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. “ಮಗಾ, ಎಷ್ಟು ಇರ್ಬೇಕು ಹೇಳು.”

ಅವಳು ಹೇಳಿದಳು. ಅನ್ನ ನೂರೈವತ್ತು ಗ್ರಾಂ. ಕೆನೆ ತೆಗೆದ ಹಾಲಿನ ತೆಳು ಮೊಸರು ನೂರೈವತ್ತು ಗ್ರಾಂ. ಎಣ್ಣೆ ಒಂದೇ ಟೀ ಚಮಚ, ಅಳತೆಗೆ ಸರಿಯಾಗಿ. ದಾಳಿಂಬೆ ಹಾಗೆಯೇ ಇರಲಿ, ಉಪ್ಪಿನಕಾಯಿ ಒಂದು ಸಣ್ಣ ಚಮಚ, ಎಣ್ಣೆ ಸೋಸಿ. “ಟೋಟಲ್ ಮುನ್ನೂರ ಎಂಬತ್ತೈದು. ಉಪ್ಪಿನಕಾಯಿದಾಗ ಕ್ಯಾಲೊರಿಗಿಂತ ಉಪ್ಪು ಜಾಸ್ತಿ, ಅದಕ್ಕ ಒಂದೇ,” ಎಂದಳು.

ಆಮೇಲೆ ನಡೆದದ್ದನ್ನು ನಾನು ಸಾಯುವ ತನಕ ಮರೆಯುವವನಲ್ಲ. ಭಟ್ಟರು ಖಾಲಿ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಅನ್ನ ಹಾಕಿದರು: ನೂರ ಎಂಬತ್ತು. ತೆಗೆದರು: ನೂರ ನಲವತ್ತು. ಸೇರಿಸಿದರು: ನೂರೈವತ್ತು. ಬಟ್ಟಲನ್ನು ಕೈಗೆತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು, ಅಷ್ಟೆ. ಇನ್ನೊಂದು ಬಟ್ಟಲಿಗೆ ತಕ್ಕಡಿ ನೋಡದೆ ಸೌಟಿನಿಂದ ಹಾಕಿದರು: ನೂರ ಐವತ್ತೆರಡು. ಮೂರನೆಯದು ನೂರ ನಲವತ್ತೊಂಬತ್ತು. ನಾಲ್ಕನೆಯದು ನೂರೈವತ್ತು. ಹುಡುಗಿ ತಕ್ಕಡಿಯನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಇಟ್ಟಳು. ಮತ್ತೆ ನೂರೈವತ್ತು. “ಬಾಪ್ ರೇ!” ಎಂದಳು. ನನ್ನ ಮೈಯೆಲ್ಲ ಜುಮ್ಮೆಂದಿತು. ಇಷ್ಟು ವರ್ಷ ಗೋಡೆಯ ಆಚೆಗೆ ಕೂತು ಇಡ್ಲಿ ತಡವಾಯಿತು ಎಂದು ಬೈದವನು ನಾನು, ಆ ಕೈಯನ್ನು ಒಂದು ದಿನವೂ ನೋಡಿರಲಿಲ್ಲ.

ಮರುದಿನದಿಂದ ಅವರು ಕ್ರಮವನ್ನೇ ಬದಲಿಸಿದರು. ಬೆಳಿಗ್ಗೆ ಕಲಸಿದರೆ ತಾನೇ ಹಾಲು ಬೇಕು? ಒಂದು ಗಂಟೆಗೆ, ಹೋಟೆಲು ತುಂಬಿ ಮಾಣಿಗಳು ಕೂಗುತ್ತಿರುವಾಗ, ಎಲ್ಲ ಬಿಟ್ಟು ನನ್ನೊಬ್ಬನಿಗೆ ಹೊಸದಾಗಿ ಕಲಸುತ್ತಿದ್ದರು. ಒಂದು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಯುವುದಿಲ್ಲ ಎಂದು ನಾನು ಬಗೆದಿದ್ದೆ. ಅವರು ಅತಿ ಸಣ್ಣ ಸೌಟನ್ನು ಓರೆಯಾಗಿ ಹಿಡಿದು, ಎಣ್ಣೆಯನ್ನು ಒಂದು ಮೂಲೆಗೆ ಸೇರಿಸಿ ಕಾಯಿಸುತ್ತಿದ್ದರು; ಸಾಸಿವೆ ಒಂದೂ ಬಿಡದೆ ಸಿಡಿಯುತ್ತಿತ್ತು. ಕೆನೆ ಹೋದ ಜಾಗಕ್ಕೆ ಶುಂಠಿ, ಹಸಿಮೆಣಸು, ಹುರಿದ ಇಂಗು ಬಂದವು. ಒಂದು ವಾರಕ್ಕೆ ನನ್ನ ನಾಲಿಗೆಯೇ ತಿರುಗಿತು. ದಾಳಿಂಬೆಯ ಒಂದೊಂದು ಕಾಳು ಹಲ್ಲಿಗೆ ಸಿಕ್ಕಿ ಒಡೆದಾಗ, ಅಯ್ಯೋ ಇಷ್ಟು ರುಚಿ ಇದಕ್ಕಿತ್ತೇ ಎಂದು ಸುಮ್ಮನೆ ಕೂತುಬಿಡುತ್ತಿದ್ದೆ. ಉಪ್ಪಿನಕಾಯಿಯ ಒಂದು ಹೋಳನ್ನು ಇಡೀ ಬಟ್ಟಲಿಗೆ ಹಂಚಿಕೊಂಡು ತಿನ್ನಲು ಕಲಿತೆ.

ದಿನಾ ಮಧ್ಯಾಹ್ನ ಭಟ್ಟರು ಬಟ್ಟಲನ್ನು ತಾವೇ ತಂದು ಕೌಂಟರಿನ ಮೇಲಿಟ್ಟು, ನಾನು ತಿಂದು ಮುಗಿಸುವ ತನಕ ನಿಲ್ಲುತ್ತಿದ್ದರು. ಗಿರಾಕಿಗಳು ಬಿಲ್ ಹಿಡಿದು ಕಾಯುತ್ತಿದ್ದರು. ಸಂಜೆ ನಾನು ಒಂದು ಗಂಟೆ ನಡೆಯುತ್ತಿದ್ದೆ. ಅಕ್ಕ ಫೋನಿನಲ್ಲಿ ಒಮ್ಮೆ, “ನನ್ನ ದೆಸೆಯಿಂದ ನೀನು ಉಪವಾಸ ಬೀಳ್ಬೇಡ ಮಾರಾಯ. ನನ್ನದು ಆದದ್ದಾಯ್ತು,” ಎಂದಳು. “ಬಾಯಿ ಮುಚ್ಚಿ ಮಲಗು,” ಎಂದು ಗದರಿಸಿ ಫೋನಿಟ್ಟು, ಬಚ್ಚಲಿಗೆ ಹೋಗಿ ಅತ್ತೆ.

ಎಂಟನೆಯ ವಾರ ಆರು ಕಿಲೋ ಇಳಿದಿತ್ತು. ಸ್ಕ್ಯಾನಿನ ಚಿತ್ರಗಳೆರಡನ್ನು ಸರ್ಜನ್ ಅಕ್ಕಪಕ್ಕ ಹಿಡಿದು ತೋರಿಸಿದರು. ನನಗೇನು ತಿಳಿಯುತ್ತದೆ, ಆದರೆ ಒಳಗೆ ಎಂದೂ ನಾನು ಕಾಣದ ಒಂದು ಅಂಗ, ಬಟ್ಟಲಿನಲ್ಲಿ ಏನು ಬಿತ್ತು ಏನು ಬೀಳಲಿಲ್ಲ ಎಂಬುದನ್ನು ಐದು ವಾರ ಒಂದೂ ಮರೆಯದೆ ಗಮನಿಸಿತ್ತು. ಅದರ ಕೊಬ್ಬು ಕರಗಿತ್ತು. ಅರ್ಧಕ್ಕಿಂತ ಹೆಚ್ಚು ಕೊಯ್ದು ತೆಗೆಯುತ್ತೇವೆ, ಕೆಲವೇ ತಿಂಗಳಲ್ಲಿ ನಿಮ್ಮಲ್ಲೂ ಅವರಲ್ಲೂ ಅದು ಬೆಳೆದುಕೊಳ್ಳುತ್ತದೆ ಎಂದರು ಅವರು, ನಾಳೆ ಸೋಮವಾರ ಎನ್ನುವಷ್ಟು ಸಹಜವಾಗಿ. ನಾನು ಅವರ ಮುಂದೆ ಕೈ ಮುಗಿದೆ. ಅವರಿಗೋ, ಆ ಲಿವರಿಗೋ, ನನಗೇ ಗೊತ್ತಿಲ್ಲ.

ಆಪರೇಷನ್ ಆಗಿ ಏಳನೆಯ ದಿನ ಹೊಟ್ಟೆ ಹಿಡಿದುಕೊಂಡು, ನರ್ಸಿನ ತೋಳಿಗೆ ಜೋತು, ಅಕ್ಕನ ಕೋಣೆಯ ಗಾಜಿನ ತನಕ ನಡೆದೆ. ಒಳಗೆ ಹೋಗುವಂತಿಲ್ಲ, ಅವಳಿಗೆ ಸೋಂಕಿನ ಭಯ. ದಿಂಬಿಗೆ ಒರಗಿ ಕೂತಿದ್ದಳು. ತಿಂಗಳುಗಟ್ಟಲೆ ಅರಸಿನದ ಹಾಗಿದ್ದ ಕಣ್ಣು ಬೆಳ್ಳಗಾಗುತ್ತಿತ್ತು. ಅವಳೊಳಗೆ ಆ ಹೊತ್ತಿನಲ್ಲೂ ನನ್ನ ತುಂಡು ಬೆಳೆಯುತ್ತಿದೆ ಎಂದು ನೆನೆದು ನಾನು ಗಾಜಿಗೆ ಹಣೆ ಆನಿಸಿ ನಿಂತೆ. ಅವಳು ನನ್ನನ್ನು ಕಂಡಳು. ಇಳಿದು ಹೋದ ನನ್ನ ಕೆನ್ನೆಯನ್ನು, ಜೋಲುವ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ, ಐದು ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ಹುಬ್ಬು ಹಾರಿಸಿ ಕೇಳಿದಳು: ಊಟ ಆಯ್ತಾ?