ಹೊಲ ಯಾರ ಹೆಸರಿಗೆ

ಜರ್ಮನಿಯಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದ ಮೇಲೆ ಒಂಬತ್ತು ವರ್ಷ ನಾನು ಊರಿಗೆ ಹಣ ಕಳಿಸಿದ್ದೇ ಕಳಿಸಿದ್ದು. ಹಣ ಹೋಗುತ್ತಿದ್ದರೆ ನಾನೂ ಅರ್ಧ ಹೋದಂತೆಯೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಲಕ್ಷ್ಮೇಶ್ವರದಲ್ಲಿ ಅರಿವೆ ಅಂಗಡಿ ನಡೆಸುವ ಅಪ್ಪ ಮಾತ್ರ ನಾನು ಒಂದು ದಿನ ಪೂರಾ ಬಂದೇ ಬರುತ್ತೇನೆಂದು ನಂಬಿದ್ದರು. ಕಳೆದ ಸಲ ರಜೆಗೆ ಬಂದಾಗ ಚಹಾಕ್ಕೆ ಮೊದಲೇ ಸುದ್ದಿ ಬಂತು. ಕೊರ್ಲಹಳ್ಳಿ ಹತ್ತಿರ ಹೊಳೆ ದಂಡೆಗೆ ನಾಲ್ಕು ಎಕರೆ ಹೊಲ ನೋಡಿದ್ದಾರೆ; ನನ್ನ ಹೆಸರಿಗೇ ಕರಾರು ಬರೆಸಿ, ಎಲೆ ಅಡಿಕೆ ಇಟ್ಟು ಸಂಚಕಾರದ ಮುಂಗಡ ಹಣವನ್ನೂ ಕೊಟ್ಟಾಗಿದೆ. ನಮ್ಮ ಕಡೆ ಸಂಚಕಾರ ಕೊಟ್ಟವರು ಹಿಂದೆ ಸರಿದರೆ ಆಮೇಲೆ ಪೇಟೆಯಲ್ಲಿ ಮುಖ ಎತ್ತಿ ಓಡಾಡುವಂತಿಲ್ಲ.

"ನೀ ಬಂದ ಮ್ಯಾಲೆ ನಿನಗಂತ ಒಂದ್ ನೆಲಿ ಬೇಕಲ್ಲವ್ವಾ," ಅಂದರು.

ನನಗೆ ಸಂತೋಷವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಹೂಂ ಅಂದೆ. ಹೂಂ ಅನ್ನುವುದರಲ್ಲಿ ನಾನು ಪಳಗಿದವಳು.

ಖರೀದಿಗೆ ಮೊದಲು ಒಂದು ಮಾತು ಕೇಳೋಣ ಎಂದು ಗದಗಿನ ಆಡಿಟರ್ ಹತ್ತಿರ ಹೋದೆವು. ಅವರು ಕರಾರು ಓದಿ ಕನ್ನಡಕ ತೆಗೆದರು.

"ಇವರು ಪರದೇಶದಾಗ ನೌಕರಿ ಮಾಡಿಕೊಂಡು ಇರೂತನಕ ಇಲ್ಲಿ ಸಾಗುವಳಿ ಜಮೀನು ಖರೀದಿ ಮಾಡಾಕ ಬರೂದಿಲ್ಲರಿ. ಮನಿ, ಪ್ಲಾಟು ತಗೋಬಹುದು. ಹೊಲ ಆಗೂದಿಲ್ಲ."

ಅಪ್ಪ ನಕ್ಕರು. "ಅಲ್ರೀ, ರೊಕ್ಕ ಖರೆ ಅಕಿದೇ ಐತಿ!"

"ರೊಕ್ಕದ ಮಾತಲ್ರಿ. ಅಕಿ ನಿಮಗ ಉಡುಗೊರೆ ಅಂತ ರೊಕ್ಕ ಕೊಡಲಿ, ಕರಾರು ಬದಲಿ ಮಾಡಿಸಿ ನಿಮ್ಮ ಹೆಸರಿಗೆ ತಗೋರಿ." ಆಮೇಲೆ ನನ್ನ ಕಡೆ ತಿರುಗಿದರು. "ಉಳಿದದ್ದನ್ನೆಲ್ಲಾ ಮಣ್ಣಿಗೆ ಹಾಕಬ್ಯಾಡ್ರಿ. ಬ್ಯಾಂಕಿನಾಗ ಪರದೇಶದಾಗ ಇರೋರಿಗಂತ ಎಫ್‌ಸಿಎನ್‌ಆರ್ ಠೇವಣಿ ಐತಿ, ಯೂರೋದಾಗನ ಇಡ್ರಿ. ವಾಪಸ್ ಬಂದ್ರ ಅವಧಿ ಮುಗಿಯೂತನಕ ಹಂಗೇ ಇರತೈತಿ. ಬರದಿದ್ರ ಅಲ್ಲಿಗೇ ಒಯ್ಯಬಹುದು."

ಬರದಿದ್ರ. ಒಂಬತ್ತು ವರ್ಷದಲ್ಲಿ ಆ ಮಾತನ್ನು ಅಪ್ಪನ ಎದುರಿಗೆ ಯಾರೂ ಆಡಿರಲಿಲ್ಲ. ಅದು ನನ್ನ ಬಗ್ಗೆ ಆಡಿದ ಮಾತು ಅನ್ನಿಸಲೇ ಇಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತೆ.

"ಹಂಗಾದ್ರ ಹೊಲ ಅಕಿ ಕೈಗೆ ಯಾವಾಗ ಬರತೈತ್ರಿ?" ಅಪ್ಪ ಕೇಳಿದರು.

"ಕಾಯಂ ತಿರುಗಿ ಬಂದ್ರ ನೀವು ಅಕಿ ಹೆಸರಿಗೆ ದಾನಪತ್ರ ಮಾಡಿಕೊಡಬಹುದು. ಇಲ್ಲಾಂದ್ರ..." ಆಡಿಟರ್ ಕನ್ನಡಕ ಒರೆಸಿದರು. "ವಾರಸಾ ಅಂತ. ನಿಮ್ಮ ನಂತರ. ಅದಕ್ಕ ಕಾಯ್ದೆ ಅಡ್ಡ ಬರೂದಿಲ್ಲ."

ಅಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ಬೇಸರವಿರಲಿಲ್ಲ. ಗಿರಾಕಿಗೆ ಎಷ್ಟು ಮೀಟರ್ ಹರಿಯಲಿ ಎಂದು ಕೇಳುವಾಗಿನ ಅದೇ ಮುಖ.

"ಎರಡರಾಗ ಯಾವುದು ಮೊದಲ ಆಗತೈತಿ, ಹೇಳವ್ವಾ."

ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಬರುತ್ತೇನೆ ಎಂದು ಸುಳ್ಳು ಹೇಳುವುದು ಸುಲಭವಿತ್ತು, ಆ ದಿನ ಅದಕ್ಕೂ ನಾಲಿಗೆ ಹೊರಳಲಿಲ್ಲ.

"ನಿಮ್ಮ ಹೆಸರಿಗೇ ಮಾಡಿಸ್ರಿ, ಅಪ್ಪಾ," ಅಂದೆ.

"ಆತು," ಅಂದರು. ಆಮೇಲೆ ಆಡಿಟರ್ ಕಡೆ ತಿರುಗಿ, ಖರೀದಿ ಪತ್ರಕ್ಕೆ ತಮ್ಮ ಫೋಟೋ ಎಷ್ಟು ಬೇಕಾಗುತ್ತವೆ ಎಂದು ಕೇಳಿದರು.