ನನಗಿಂತ ಚಿಕ್ಕ ಚಿಕ್ಕಪ್ಪ

ಕೆಲಸ ಮಾಡುತ್ತಿದ್ದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಮುಚ್ಚಿದಾಗ ನನಗೆ ಐವತ್ತಮೂರು. ಆದೋನಿಯ ಇನ್ನೊಂದು ಮಿಲ್ಲಿನಿಂದ ಸೂಪರ್‌ವೈಸರ್ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಇದು ಕೈತಪ್ಪಿದರೆ ಮನೆಯಲ್ಲೇ ಕೂರಬೇಕಿತ್ತು. ಮಗಳು ಒಂದು ಉತ್ತರ ಬಾಯಿಪಾಠ ಮಾಡಿಸಿದ್ದಳು: "ನಾನು ವಯಸ್ಸು ನೋಡೋದಿಲ್ಲ, ಕೆಲಸ ನೋಡ್ತೀನಿ."

ಮೇಜಿನಾಚೆ ಮಿಲ್ಲಿನ ಮಾಲೀಕರು, ಪಕ್ಕದಲ್ಲಿ ಮ್ಯಾನೇಜರ್ ಮೇಡಂ. ಆಕೆಗೆ ಮೂವತ್ತೂ ಇರಲಿಕ್ಕಿಲ್ಲ. ಮಾಲೀಕರು ಕೇಳಿಯೇಬಿಟ್ಟರು.

"ನಿಮಗಿಂತ ಸಣ್ಣವ್ರ ಕೈಕೆಳಗ ಕೆಲ್ಸ ಮಾಡಾಕ ಆಗ್ತೈತೇನ್ರಿ?"

ಬಾಯಿಪಾಠ ಅಷ್ಟೂ ಮರೆತುಹೋಯಿತು. ಬಾಯಿಗೆ ಬಂದದ್ದು ನಮ್ಮ ಚಿಕ್ಕಪ್ಪ.

"ನಮ್ಮ ಚಿಕ್ಕಪ್ಪ ನನಗಿಂತ ಎಂಟು ವರ್ಷ ಸಣ್ಣಾವ್ರಿ. ನಾನೇ ಎತ್ತಿ ಆಡ್ಸೀನಿ. ನನ್ನ ಮದುವ್ಯಾಗ ಅವನ ಕಾಲಿಗೆ ಬಿದ್ದೆ, ಬಾಯಾಗ ಲಡ್ಡು ಇಟ್ಕೊಂಡೇ ಆಶೀರ್ವಾದ ಮಾಡಿದ. ಈಗ ಆಸ್ಪರಿ ಊರಾಗಿನ ನಮ್ಮ ಮನಿ ಹೊಲದ ಯಜಮಾನಿಕಿ ಅವಂದೇ."

ಮಾಲೀಕರು ನಕ್ಕರು. ಮೇಡಂ ನಗಲಿಲ್ಲ.

"ಅವ್ರು ತಪ್ಪು ಹೇಳಿದ್ರ ಏನ್ ಮಾಡ್ತೀರಿ?"

"ಬಾಜೂಕ ಕರದು ಹೇಳ್ತೀನ್ರಿ, ನಾಕ್ ಮಂದಿ ಮುಂದ ಅಲ್ಲ. ಹೋದ ಸಲ ಸೇಂಗಾ ಕೀಳೂಮುಂದ ಹೇಳ್ದೆ: ನೆಲ ಗಟ್ಟಿ ಐತಿ, ನೀರು ಬಿಟ್ಟು ಕೀಳೂಣು, ಇಲ್ಲಂದ್ರ ಕಾಯಿ ಮಣ್ಣಾಗ ಉಳೀತಾವು. ಕೇಳ್ಲಿಲ್ಲ. ಅವ ಅಂದಂಗ ನೀರು ಬಿಡದ, ಆಳು ಕರ್ಕೊಂಡು ನಾನೇ ಕೀಳಿಸ್ದೆ. ಕಾಯಿ ಮಣ್ಣಾಗ ಉಳದ್ವು."

"ಆಮ್ಯಾಲೆ ಅವ್ರಿಗೆ 'ನಾ ಹೇಳಿದ್ನಿಲ್ಲೋ' ಅಂತ ಅಂದ್ರಿ ಏನು?"

"ಅವತ್ತು ಅನ್ಲಿಲ್ರಿ. ಇವತ್ತ ಇಲ್ಲಿ ಅಂದೆ ನೋಡ್ರಿ."

"ಹೊಟ್ಟಿ ಉರೀಲಿಲ್ಲೇನ್ರಿ?"

ಇಲ್ಲ ಎನ್ನಬೇಕೆಂದುಕೊಂಡೆ. ಆಗಲಿಲ್ಲ. "ಉರೀತೈತ್ರಿ. ಅರ್ಧ ತಾಸು. ಆಮ್ಯಾಲೆ ಇಳೀತೈತಿ."

ಮೇಡಂ ಏನೋ ಬರೆದುಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡು ಎದ್ದೆ. ಆಗ ಅವರೇ ಹೇಳಿದರು: "ಮುಂಜಾನಿಂದ ಬಂದವ್ರೆಲ್ಲಾ ಏನೂ ಅನ್ಸೋದಿಲ್ಲ ಅಂದ್ರು. ಸೋಮವಾರ ಬರ್ರಿ."

ಸೋಮವಾರವೇ ಪರೀಕ್ಷೆ ಬಂತು. ಅಂಗಳದ ಹತ್ತಿ ರಾಶಿಯನ್ನು ಮಿಷಿನ್ನಿಗೆ ಹಾಕುವ ಮೊದಲು ಬಿಸಿಲಿಗೆ ಹರವಬೇಕು ಎಂದರು ಮೇಡಂ. ನಾನು ಮೇಲಿನ ಒಂದು ಹಿಡಿ ಹಿಂಡಿ ನೋಡಿ, ಅವರನ್ನು ಬಾಜೂಕೆ ಕರೆದು, ಒಣಗಿದೆ ಎಂದೆ. ಇಪ್ಪತ್ತೈದು ವರ್ಷ ಹತ್ತಿ ಹಿಡಿದ ಕೈ ನನ್ನದು! ಅವರು ತೇವ ನೋಡುವ ಮೀಟರಿನ ಕಡ್ಡಿಯನ್ನು ರಾಶಿಯ ಹೊಟ್ಟೆಯವರೆಗೆ ಚುಚ್ಚಿ ನನಗೆ ತೋರಿಸಿದರು. ಒಳಗೆ ಹಸಿ ಇತ್ತು. ಹಾಗೇ ಹಾಕಿದ್ದರೆ ಹತ್ತಿ ಸಿಕ್ಕಿಕೊಂಡು ಮಿಷಿನ್ನು ನಿಲ್ಲುತ್ತಿತ್ತು.

ರಾಶಿ ಹರವಿಸಿ, ಮುಖ ಬಿಗಿದುಕೊಂಡು ಗೇಟಿನ ಹತ್ತಿರ ಚಹಾ ಕುಡಿಯಲು ಹೋದೆ. ನಿಜ ಹೇಳುತ್ತೇನೆ, ಚಿಕ್ಕಪ್ಪನ ಮೇಲೆ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ. ಅವನು ತಪ್ಪು ಹೇಳಿದ್ದ, ಈಕೆ ಸರಿ ಹೇಳಿದ್ದಳು.

ಇಪ್ಪತ್ತು ನಿಮಿಷಕ್ಕೆ ಲೋಟ ಖಾಲಿ ಮಾಡಿ ವಾಪಸು ಬಂದೆ. ಮೇಡಂ ಕೈಗಡಿಯಾರ ನೋಡಿದರು.

"ಅರ್ಧ ತಾಸಿಗೆ ಇನ್ನೂ ಹತ್ತು ನಿಮಿಷ ಐತ್ರಿ ನಿಮ್ದು. ಇನ್ನೊಂದು ಚಾ ಕುಡುದು ಬರ್ರಿ."