ಬೆಳ್ಳಗಿದ್ದ ತುಂಡು

ಕೋಳಿ ಬೆಂದಿದೆಯೋ ಇಲ್ಲವೋ ಎಂದು ಬಣ್ಣ ನೋಡಿ ಹೇಳುವವರು ನನ್ನ ಅಡುಗೆ ವಿಡಿಯೋಗಳ ಕೆಳಗೆ ದಿನಾ ಜಗಳಕ್ಕೆ ಬರುತ್ತಾರೆ. ಥರ್ಮಾಮೀಟರ್ ಹಿಡಿದಿರುವ ನೀನು ಅಡುಗೆಯವಳೋ ನರ್ಸೋ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ತಿಕೋಟಾದಲ್ಲಿ ನನ್ನ ತಮ್ಮನ ಮನೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ.

ತಮ್ಮನಿಗೆ ಕಿಡ್ನಿ ಕಸಿ ಆಗಿತ್ತು. ಕೊಟ್ಟವಳು ಅವನ ಹೆಂಡತಿ. ಹೊಸ ಕಿಡ್ನಿ ಮೈಗೆ ಒಗ್ಗಲಿ ಎಂದು ಅವನು ನುಂಗುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ. ನಮಗೆ ಒಂದು ದಿನ ಹೊಟ್ಟೆ ಕೆಡಿಸಿ ಬಿಡುವ ಊಟ ಅವನನ್ನು ಆಸ್ಪತ್ರೆಯಲ್ಲಿ ಮಲಗಿಸಬಹುದು. ತಿಂಗಳುಗಟ್ಟಲೆ ಸಪ್ಪೆ ಊಟ ಮಾಡಿ ಸೊರಗಿದ್ದ. ಕೊನೆಗೆ ಡಾಕ್ಟರು ಕೋಳಿ ತಿನ್ನಬಹುದು, ಆದರೆ ಪೂರ್ತಿ ಬೆಂದಿರಬೇಕು ಎಂದರು.

ಆ ಭಾನುವಾರ ಬಬಲೇಶ್ವರದಿಂದ ಸೋದರತ್ತೆ ಬಂದಿದ್ದಳು. ಮದುವೆ ಮನೆಗಳಲ್ಲಿ ಹಂಡೆಗಟ್ಟಲೆ ಅಡುಗೆ ಮಾಡಿದ ಕೈ ಅವಳದು. ಕೋಳಿ ಕಾಲುಗಳಿಗೆ ಕೆಂಪುಖಾರ, ಅರಿಶಿನ, ಬೆಳ್ಳುಳ್ಳಿ ಹಚ್ಚಿ ದೊಡ್ಡ ಹಂಚಿನ ಮೇಲೆ ಹುರಿಯುತ್ತಿದ್ದಳು. ಅಥಣಿ ರಸ್ತೆಯ ನನ್ನ ಖಾನಾವಳಿಯಿಂದ ನಾನು ತಂದಿದ್ದು ಒಂದೇ ಸಾಮಾನು: ಮಾಂಸಕ್ಕೆ ಚುಚ್ಚಿ ಒಳಗಿನ ಕಾವು ನೋಡುವ ಥರ್ಮಾಮೀಟರ್.

"ಕೋಳಿಗೆ ಜ್ವರ ನೋಡಾಕ ಬಂದಿಯೇನ ಬೇ? ಅದು ಸತ್ತು ಭಾಳ ದಿನಾತು," ಎಂದಳು ಅತ್ತೆ.

ತಮ್ಮ ನಕ್ಕ. ಅವನು ನಕ್ಕು ಎಷ್ಟು ದಿನವಾಗಿತ್ತೋ. ನಾನೂ ನಕ್ಕೆ.

ಮೊದಲ ಎರಡು ಕಾಲುಗಳು ಹಂಚಿನಿಂದ ತಾಟಿಗೆ ಬಂದವು. ಒಂದರ ದಪ್ಪ ಭಾಗಕ್ಕೆ, ತುದಿ ಎಲುಬಿಗೆ ತಾಗದಂತೆ ಕಡ್ಡಿ ಚುಚ್ಚಿ ಅಂಕಿ ನಿಲ್ಲುವವರೆಗೆ ಕಾದೆ. ಎಪ್ಪತ್ತೊಂಬತ್ತು ಡಿಗ್ರಿ ಸೆಲ್ಸಿಯಸ್. ಕೋಳಿಯೊಳಗಿನ ಕ್ರಿಮಿ ಸಾಯಲು ಎಪ್ಪತ್ತನಾಲ್ಕು ದಾಟಿದರೆ ಸಾಕು. ಇದನ್ನು ಕೊಡು ಎಂದು ತಮ್ಮನ ಹೆಂಡತಿಗೆ ಹೇಳಿ, ಇನ್ನೊಂದಕ್ಕೆ ಚುಚ್ಚುವ ಮೊದಲು ಕಡ್ಡಿ ತೊಳೆಯಲು ಬಚ್ಚಲಿನ ಕಡೆ ತಿರುಗಿದೆ.

ಬೆನ್ನ ಹಿಂದೆ ಅವಳು ಆ ಕಾಲನ್ನು ಬಿಡಿಸಿದ್ದಾಳೆ. ಎಲುಬಿನ ಸುತ್ತ ಮಾಂಸ ಗುಲಾಬಿಯಾಗಿ ಕಂಡಿದೆ. ಎಳೆಯ ಫಾರಂ ಕೋಳಿಯಲ್ಲಿ ಎಲುಬಿನೊಳಗಿನ ಬಣ್ಣ ಹೀಗೆ ಮಾಂಸಕ್ಕೆ ಇಳಿಯುತ್ತದೆ, ಪೂರ್ತಿ ಬೆಂದರೂ ಹೋಗುವುದಿಲ್ಲ. ಅದು ಅವಳಿಗೇನು ಗೊತ್ತು? ಅದನ್ನು ಬದಿಗೆ ಸರಿಸಿ ಎರಡನೆಯದನ್ನು ಬಿಡಿಸಿ ನೋಡಿದಳು. ಹತ್ತಿಯಂತೆ ಬೆಳ್ಳಗೆ. ಅದನ್ನೇ ಗಂಡನ ಕೈಗೆ ಕೊಟ್ಟಳು.

ನಾನು ಕಡ್ಡಿ ಒರೆಸಿಕೊಂಡು ಬರುವಷ್ಟರಲ್ಲಿ ಅವನು ಅರ್ಧ ಮುಗಿಸಿದ್ದ.

"ಯಾವುದು ತಿನ್ನಾಕತ್ತೀಯೋ?" ಎಂದೆ.

"ಬೆಂದದ್ದ ಕೊಟ್ಟೇನ್ರಿ ಅಕ್ಕಾರ," ಎಂದಳು ಅವಳು. "ಅದು ಹಸೀ ಇತ್ತು. ನೋಡ್ರಿಲ್ಲಿ, ಕೆಂಪಗ ಐತಿ."

ಅವನ ಕೈಯಿಂದ ಉಳಿದರ್ಧ ಕಿತ್ತುಕೊಂಡು ಚುಚ್ಚಿದೆ. ಐವತ್ತಾರು. ಆದರೆ ಬಿಡಿಸಿಟ್ಟ ಮಾಂಸ ಆಗಲೇ ಆರಿತ್ತು. ಒಲೆಯಿಂದ ಇಳಿದಾಗ ಎಷ್ಟಿತ್ತೆಂದು ಆ ಅಂಕಿ ಹೇಳಲಾರದು.

ಅತ್ತೆಯನ್ನು ಕೇಳಿದೆ. ಮಾಂಸ ಎರಡು ಪೊಟ್ಟಣದಲ್ಲಿತ್ತಂತೆ. ಒಂದು ಇನ್ನೂ ಬರ್ಫದಂತೆ ಗಟ್ಟಿ ಇತ್ತಂತೆ. ಖಾರ ಹಚ್ಚುವಾಗ ಬೆರಳು ಜುಮ್ಮೆಂದಿತ್ತಂತೆ. ಅವನು ತಿಂದದ್ದು ಆ ಪೊಟ್ಟಣದ್ದೇ ಅಂತೆ. ಅದರ ಜೋಡಿ ಕಾಲು ಇನ್ನೂ ಹಂಚಿನ ಮೇಲಿತ್ತು. ಮೇಲೆಲ್ಲ ಕಪ್ಪುಗೆಂಪಾಗಿ ಹುರಿದು, ನೋಡಿದರೆ ಬಾಯಲ್ಲಿ ನೀರು ಬರುವಂತಿತ್ತು. ಅದಕ್ಕೂ ಚುಚ್ಚಿದೆ. ಅರವತ್ತೊಂದಕ್ಕೆ ನಿಂತಿತು. ಸೀಳಿದೆ. ಒಳಗೆಲ್ಲ ಬೆಳ್ಳಗೆ.

ಅತ್ತೆ ಒಲೆ ಆರಿಸಿದಳು. ತಮ್ಮ ಬೆರಳು ನೆಕ್ಕುವುದನ್ನು ಅರ್ಧಕ್ಕೆ ನಿಲ್ಲಿಸಿ, "ಭಾಳ ಛಲೋ ಆಗಿತ್ತು ಬಿಡು ಅತ್ತಿ," ಎಂದ.

ವಿಜಯಪುರದ ಆಸ್ಪತ್ರೆಗೆ ಫೋನ್ ಮಾಡಿದೆವು. ಗುಳಿಗೆ ತಪ್ಪಿಸಬೇಡಿ, ಜ್ವರವೋ ಭೇದಿಯೋ ಶುರುವಾದರೆ ಮನೆಯಲ್ಲಿ ಕೂರದೆ ತಕ್ಷಣ ಕರೆತನ್ನಿ ಎಂದರು. ಅಂದಿನಿಂದ ಅವಳು ಹೊತ್ತುಹೊತ್ತಿಗೆ ಗಂಡನ ಕಂಕುಳಿಗೆ ಜ್ವರದ ಕಡ್ಡಿ ಇಟ್ಟು ನನಗೆ ಫೋನಿನಲ್ಲಿ ಹೇಳುತ್ತಿದ್ದಳು. ತೊಂಬತ್ತೆಂಟು. ಮತ್ತೆ ತೊಂಬತ್ತೆಂಟು. ಅತ್ತೆ ಬಬಲೇಶ್ವರಕ್ಕೆ ಹಿಂತಿರುಗದೆ ಅಲ್ಲೇ ಉಳಿದಳು. ಒಲೆಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲವಂತೆ.

ಎರಡು ದಿನ ಏನೂ ಆಗಲಿಲ್ಲ. ನಾನೂ ನಿರಾಳವಾಗಿ, ಮರುದಿನ ಬೆಳಿಗ್ಗೆ ಖಾನಾವಳಿಯಲ್ಲಿ ಮಸಾಲೆ ಹುರಿಯುತ್ತಿದ್ದೆ. ಅವಳ ಫೋನ್ ಬಂತು.

"ಅಕ್ಕಾರ," ಎಂದಳು. ಧ್ವನಿ ಏರಿರಲಿಲ್ಲ, ನಡುಗಿರಲೂ ಇಲ್ಲ. "ನೂರಾ ಎರಡು ಐತ್ರಿ. ಗಾಡಿ ಹತ್ತಾಕತ್ತೇವಿ. ಬೆಳ್ಳಗ ಇತ್ತಲ್ರಿ ಅದು?"

ಇತ್ತು ಎಂದೆ. ಒಲೆ ಆರಿಸಿ ಆಸ್ಪತ್ರೆಗೆ ಹೊರಟೆ.